ಗಂಡಸರಿಗೂ ಉರಿಮೂತ್ರವೇ?

ತಿಪಟೂರಿನ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ಒಂದು ಮಧ್ಯಾಹ್ನ ಮಗನನ್ನು ಕರೆದುಕೊಂಡು ನನ್ನ ಕ್ಲಿನಿಕ್ಕಿಗೆ ಬಂದರು. ಹುಡುಗನಿಗೆ 20 ವರ್ಷ. ಇಂಜಿನಿಯರಿಂಗ್ ಎರಡನೆಯ ವರ್ಷ, ಹಾಸ್ಟೆಲಿನಲ್ಲಿ ವಾಸ. ಬೇಸಿಗೆಯ ಆ ಉರಿಯಲ್ಲೂ ಶಾಲು ಹೊದ್ದು ನಡುಗುತ್ತಿದ್ದ. ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗದೆ ಒಂದು ಮಗ್ಗುಲಿಗೆ ವಾಲಿಕೊಂಡು ಕೂತ. ನರ್ಸ್ ಜ್ವರ ನೋಡಿದಳು, 103 ಡಿಗ್ರಿ.

‘ಏನಾಗಿದೆ?’ ಎಂದರೆ ಹುಡುಗ ತಲೆ ತಗ್ಗಿಸಿದ. ಅಪ್ಪ ಉತ್ತರ ಕೊಟ್ಟರು. ‘ಉರಿಮೂತ್ರ ಡಾಕ್ಟ್ರೇ. ಒಂದೂವರೆ ತಿಂಗಳಿಂದ ಬರೋದು, ಹೋಗೋದು. ಉಷ್ಣ ಅಂದ್ಕೊಂಡು ಎಳನೀರು, ಬಾರ್ಲಿ ನೀರು ಎಲ್ಲ ಕೊಟ್ವಿ. ತೋಟ ನಮ್ದೇ, ಎಳನೀರಿಗೇನು ಬರ? ಆದ್ರೂ ನಿಲ್ಲಲಿಲ್ಲ.’ ಆಮೇಲೆ ದನಿ ತಗ್ಗಿಸಿ, ‘ಇದು ಹೆಂಗಸರಿಗೆ ಬರೋ ಕಾಯಿಲೆ ಅಲ್ವಾ? ಇವನಿಗೆ ಯಾಕೆ ಬಂತು ನೀವೇ ಕೇಳಿ’ ಎಂದರು. ಅವರ ಮನಸ್ಸಿನಲ್ಲಿದ್ದ ಸಂಶಯ ಯಾವುದು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗ ದಾರಿ ತಪ್ಪಿದ್ದಾನೆ ಎಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಬಸ್ಸಿನಲ್ಲಿ ಬರುವಾಗ ಇಬ್ಬರ ನಡುವೆ ಮಾತೇ ನಡೆದಿರಲಿಲ್ಲವಂತೆ.

ಅವರ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಮೂತ್ರದ ಸೋಂಕು ನಿಜಕ್ಕೂ ಹೆಂಗಸರನ್ನು ಹೆಚ್ಚಾಗಿ ಕಾಡುತ್ತದೆ. ಹೆಣ್ಣುಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಬರುತ್ತದೆ. ಆರೋಗ್ಯವಂತ ಯುವಕರಲ್ಲಾದರೋ 10 ಸಾವಿರ ಜನರಲ್ಲಿ ವರ್ಷಕ್ಕೆ ಹತ್ತು ಮಂದಿಗೂ ಬರುವುದಿಲ್ಲ. ಹಾಗಾದರೆ ಈ ಹುಡುಗ ಆ ಕೆಲವೇ ಮಂದಿಯಲ್ಲಿ ಒಬ್ಬನಾದದ್ದು ಹೇಗೆ? ಇದನ್ನು ತಿಳಿಯಬೇಕಾದರೆ ಉಳಿದವರಿಗೆ ಯಾಕೆ ಬರುವುದಿಲ್ಲ ಎಂಬುದನ್ನು ಮೊದಲು ನೋಡಬೇಕು.

ಮೂತ್ರದ ಸೋಂಕು ತರುವ ರೋಗಾಣು ಬಹುಮಟ್ಟಿಗೆ ಒಂದೇ. ಅದರ ಹೆಸರು ಇ. ಕೋಲೈ. ಇದು ಹೊರಗಿನಿಂದ ಬಂದ ಶತ್ರುವಲ್ಲ. ನಮ್ಮ ನಿಮ್ಮೆಲ್ಲರ ದೊಡ್ಡಕರುಳಿನಲ್ಲಿ ಸುಮ್ಮನೆ ಬದುಕಿಕೊಂಡಿರುವ ಬ್ಯಾಕ್ಟೀರಿಯಾ. ಕರುಳಿನಲ್ಲಿದ್ದಷ್ಟು ಕಾಲ ತೊಂದರೆಯಿಲ್ಲ. ಗುದದ್ವಾರದ ಸುತ್ತಲಿನ ಚರ್ಮದಿಂದ ಮೂತ್ರದ್ವಾರಕ್ಕೆ ದಾಟಿ, ಅಲ್ಲಿಂದ ಮೂತ್ರನಾಳದೊಳಗೆ ಹತ್ತಿ ಮೂತ್ರಚೀಲವನ್ನು ಸೇರಿದರೆ ಮಾತ್ರ ರೋಗ. ಹೆಂಗಸರಲ್ಲಿ ಈ ಪ್ರಯಾಣ ಸುಲಭ. ಗುದದ್ವಾರಕ್ಕೂ ಮೂತ್ರದ್ವಾರಕ್ಕೂ ಅಂತರ ಕಡಿಮೆ; ಮೂತ್ರನಾಳದ ಉದ್ದವೂ ಸುಮಾರು 4 ಸೆಂಟಿಮೀಟರ್ ಮಾತ್ರ, ಅಂದರೆ ಒಂದೂವರೆ ಅಂಗುಲ. ಗಂಡಸರಲ್ಲಿ ಮೂತ್ರದ್ವಾರ ಗುದದಿಂದ ಬಹಳ ದೂರದಲ್ಲಿದೆ, ಸುತ್ತಲಿನ ಚರ್ಮವೂ ಒಣಗಿರುತ್ತದೆ. ಮೂತ್ರನಾಳದ ಉದ್ದ ಸುಮಾರು 20 ಸೆಂಟಿಮೀಟರ್, ಐದು ಪಟ್ಟು. ಹತ್ತುತ್ತಿರುವ ಬ್ಯಾಕ್ಟೀರಿಯಾ ಆ ದಾರಿಯಲ್ಲಿ ಅರ್ಧ ಸವೆಸುವುದರೊಳಗೆ ಮುಂದಿನ ಸಲದ ಮೂತ್ರ ಬಂದು ಕೊಚ್ಚಿ ಹಾಕುತ್ತದೆ.

ಇನ್ನೊಂದು ಕಾವಲು ಪ್ರಾಸ್ಟೇಟ್ ಗ್ರಂಥಿಯದು. ಪ್ರಾಸ್ಟೇಟ್ ಎಂದರೆ ಮುದುಕರಿಗೆ ಮಾತ್ರ ಇರುವ ಏನೋ ಒಂದು ಎಂದು ತಿಳಿದವರು ಬೇಕಾದಷ್ಟು ಜನ ಇದ್ದಾರೆ. ಹುಟ್ಟಿದ ಪ್ರತಿ ಗಂಡಿಗೂ ಅದು ಇರುತ್ತದೆ. ಮೂತ್ರಚೀಲದ ಬಾಯಿಯ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ಬೆಟ್ಟದ ನೆಲ್ಲಿಕಾಯಿಯ ಗಾತ್ರದಲ್ಲಿ ಕೂತಿರುತ್ತದೆ. ಅದರ ಹಿಂಬದಿ ಗುದನಾಳಕ್ಕೆ ತಾಗಿಕೊಂಡಿದೆ. ಹಾಗಾಗಿಯೇ ವೈದ್ಯರು ಗುದದ್ವಾರದಲ್ಲಿ ಬೆರಳಿಟ್ಟು ಅದನ್ನು ಮುಟ್ಟಿ ನೋಡಲು ಸಾಧ್ಯ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ಸ್ರವಿಸುವುದು ಅದರ ಮುಖ್ಯ ಕೆಲಸ. ಈ ಸ್ರಾವದಲ್ಲಿ ಸತುವಿನ ಅಂಶ ಬಹಳ ಹೆಚ್ಚು, ಬ್ಯಾಕ್ಟೀರಿಯಾವನ್ನು ಕೊಲ್ಲುವ ಗುಣ ಅದಕ್ಕಿದೆ. (ಇದನ್ನು ಓದಿ ಅಂಗಡಿಗೆ ಹೋಗಿ ಸತುವಿನ ಮಾತ್ರೆ ತರಬೇಡಿ. ನುಂಗಿದ ಸತು ಪ್ರಾಸ್ಟೇಟಿನ ಸ್ರಾವಕ್ಕೆ ಸೇರುವುದಿಲ್ಲ.)

ಹೀಗೆ ಉದ್ದದ ದಾರಿ, ರಭಸದ ಮೂತ್ರ, ಕೊಲ್ಲುವ ಸ್ರಾವ ಎಲ್ಲ ಇದ್ದೂ ಗಂಡಸೊಬ್ಬನಿಗೆ ಸೋಂಕು ಬಂದಿದೆ ಎಂದರೆ, ಎಲ್ಲೋ ಬೇಲಿ ಮುರಿದಿರಬಹುದು ಎಂದು ವೈದ್ಯರು ಅನುಮಾನಪಡುತ್ತಾರೆ. ಹೆಂಗಸರಿಗೆ ಬಂದಾಗ ‘ಯಾವ ಔಷಧ’ ಎಂದು ಯೋಚಿಸಿದರೆ ಹೆಚ್ಚಾಗಿ ಸಾಕಾಗುತ್ತದೆ. ಗಂಡಸಿಗೆ ಬಂದಾಗ ‘ಯಾಕೆ’ ಎಂದೂ ಕೇಳಬೇಕು.

ವಯಸ್ಸಾದವರಲ್ಲಿ ಉತ್ತರ ಬೇಗ ಸಿಗುತ್ತದೆ. ಪ್ರಾಸ್ಟೇಟ್ ದಪ್ಪಗಾಗಿ ದಾರಿ ಒತ್ತುತ್ತದೆ. ಎಷ್ಟು ಹೊತ್ತು ನಿಂತರೂ ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ. ಒಳಗೆ ಉಳಿದದ್ದು ಹರಿವಿಲ್ಲದ ಕೆರೆಯ ನೀರಿನಂತೆ, ಬ್ಯಾಕ್ಟೀರಿಯಾ ಬೆಳೆಯಲು ಹೇಳಿ ಮಾಡಿಸಿದ ಜಾಗ. ಆದ್ದರಿಂದಲೇ 60 ದಾಟಿದ ಮೇಲೆ ಗಂಡಸರು ಹೆಂಗಸರ ನಡುವಿನ ವ್ಯತ್ಯಾಸ ಕಡಿಮೆಯಾಗುತ್ತಾ ಬರುತ್ತದೆ. ಸಕ್ಕರೆ ಕಾಯಿಲೆ, ಮೂತ್ರದ ಕಲ್ಲು ಇದ್ದರೆ ಇನ್ನಷ್ಟು. ತೀರ ಚಿಕ್ಕವರ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಹೆಣ್ಣು ಶಿಶುವಿಗಿಂತ ಗಂಡು ಶಿಶುವಿಗೇ ಮೂತ್ರದ ಸೋಂಕು ಹೆಚ್ಚು. ಹಸುಗೂಸಿಗೆ ಕಾರಣ ತಿಳಿಯದ ಜ್ವರ ಬಂದರೆ ಮಕ್ಕಳ ವೈದ್ಯರು ಮೂತ್ರ ಪರೀಕ್ಷೆ ಮಾಡಿಸುವುದು ಅದಕ್ಕೇ.

ಆದರೆ ನಮ್ಮ ಹುಡುಗ ಕೂಸೂ ಅಲ್ಲ, ಮುದುಕನೂ ಅಲ್ಲ.

ಅಪ್ಪನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ. ಈ ವಯಸ್ಸಿನ ಹುಡುಗರನ್ನು ಒಬ್ಬರೇ ಇರುವಾಗ ಮಾತಾಡಿಸದಿದ್ದರೆ ಅರ್ಧ ರೋಗ ತಿಳಿಯುವುದೇ ಇಲ್ಲ. ಯಾರೊಂದಿಗಾದರೂ ದೇಹ ಸಂಪರ್ಕ ಆಗಿದೆಯೇ ಎಂದು ಕೇಳಿದೆ. ಇದು ನೀತಿಯ ವಿಚಾರಣೆಯಲ್ಲ, ಚಿಕಿತ್ಸೆಗೆ ಬೇಕಾದ ಪ್ರಶ್ನೆ. ಯುವಕರಲ್ಲಿ ಉರಿಮೂತ್ರ ತರುವ ಇನ್ನೊಂದು ಗುಂಪಿನ ರೋಗಾಣುಗಳಿವೆ: ಗೊನೋರಿಯಾ, ಕ್ಲಮೈಡಿಯಾ. ಅವು ಸಂಪರ್ಕದಿಂದ ಬರುತ್ತವೆ. ಮೂತ್ರದ್ವಾರದಿಂದ ಕೀವು ಅಥವಾ ಅಂಟಂಟು ದ್ರವ ಸೋರುವುದು, ಒಳಗೆ ಕಡಿತ ಇವು ಅವುಗಳ ಸುಳಿವು. ಅವಕ್ಕೆ ಪರೀಕ್ಷೆ ಬೇರೆ, ಔಷಧ ಬೇರೆ, ಸಂಗಾತಿಗೂ ಚಿಕಿತ್ಸೆ ಬೇಕು. ಈ ಹುಡುಗನಿಗೆ ಆ ಲಕ್ಷಣಗಳಿರಲಿಲ್ಲ, ಸಂಪರ್ಕವೂ ಆಗಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರ್, ಹಸ್ತಮೈಥುನದಿಂದ ಹಿಂಗಾಗುತ್ತಾ?’ ಎಂದು ಕೇಳಿದ. ಆರು ವಾರಗಳಿಂದ ಅವನನ್ನು ತಿನ್ನುತ್ತಿದ್ದದ್ದು ಉರಿಗಿಂತ ಹೆಚ್ಚಾಗಿ ಇದು. ಇಲ್ಲ, ಅದರಿಂದ ಮೂತ್ರದ ಸೋಂಕೂ ಬರುವುದಿಲ್ಲ, ಪ್ರಾಸ್ಟೇಟ್ ಸೋಂಕೂ ಬರುವುದಿಲ್ಲ ಎಂದೆ. ಅವನ ಭುಜ ಸಡಿಲವಾದದ್ದು ಶಾಲಿನ ಹೊರಗೂ ಕಾಣಿಸಿತು.

‘ಈಚೆಗೆ ಯಾವುದಾದರೂ ಆಪರೇಷನ್ ಆಗಿತ್ತಾ?’

‘ಅಪೆಂಡಿಕ್ಸ್ ಸರ್. ಒಡೆದುಹೋಗಿತ್ತು. ಫೆಬ್ರವರಿಯಲ್ಲಿ.’

‘ಮೂತ್ರಕ್ಕೆ ಪೈಪ್ ಹಾಕಿದ್ರಾ?’

‘ಹೂಂ ಸರ್, ಮೂರು ದಿನ ಇತ್ತು.’

ಬೇಲಿ ಮುರಿದ ಜಾಗ ಸಿಕ್ಕಿತು. ಆ ಪೈಪಿಗೆ ಕ್ಯಾತಿಟರ್ ಎನ್ನುತ್ತಾರೆ. ಅಂಥ ಆಪರೇಷನ್ನಿಗೆ ಅದು ಬೇಕಾಗುತ್ತದೆ, ಹಾಕಿದ್ದು ಯಾರ ತಪ್ಪೂ ಅಲ್ಲ. ಆದರೆ ಬ್ಯಾಕ್ಟೀರಿಯಾದ ದೃಷ್ಟಿಯಿಂದ ನೋಡಿ. ಹತ್ತಲು ಕಷ್ಟವಾದ 20 ಸೆಂಟಿಮೀಟರ್ ದಾರಿಗೆ ಯಾರೋ ಏಣಿ ಇಟ್ಟುಕೊಟ್ಟ ಹಾಗಾಯಿತು. ಕೊಚ್ಚಿ ಹಾಕುವ ಮೂತ್ರ ಪೈಪಿನೊಳಗೆ ಹೋಗುತ್ತದೆ. ಬ್ಯಾಕ್ಟೀರಿಯಾ ಪೈಪಿನ ಹೊರಮೈಗೆ ಅಂಟಿಕೊಂಡು ನಿಧಾನವಾಗಿ ಮೇಲಕ್ಕೆ ತೆವಳುತ್ತದೆ. ಕ್ಯಾತಿಟರ್ ಒಳಗಿರುವ ಒಂದೊಂದು ದಿನಕ್ಕೂ 100ರಲ್ಲಿ 3ರಿಂದ 8 ಮಂದಿಯ ಮೂತ್ರಕ್ಕೆ ಬ್ಯಾಕ್ಟೀರಿಯಾ ಹೊಸದಾಗಿ ಸೇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಬೇಕಾದ ಕೆಲಸ ಮುಗಿದ ಕೂಡಲೇ ಅದನ್ನು ತೆಗೆಸಬೇಕು ಎನ್ನುವುದಕ್ಕೆ ಕಾರಣ ಇದು.

ಪೈಪ್ ತೆಗೆದ ಒಂದು ವಾರಕ್ಕೆ ಉರಿ ಶುರುವಾಗಿತ್ತು. ಊರಿನ ಮೆಡಿಕಲ್ ಶಾಪಿನಲ್ಲಿ ಹೇಳಿದಾಗ ಮೂರು ದಿನದ ಮಾತ್ರೆ ಕೊಟ್ಟರು. ಕಡಿಮೆಯಾಯಿತು. ಹಾಸ್ಟೆಲಿಗೆ ಹೋದ ಹತ್ತು ದಿನಕ್ಕೆ ಮತ್ತೆ ಉರಿ. ಈ ಸಲ ಸಹಪಾಠಿಯೊಬ್ಬ, ತನ್ನ ಅಕ್ಕನಿಗೆ ಇದೇ ತೊಂದರೆಗೆ ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ತೋರಿಸಿ ಅದೇ ಮಾತ್ರೆ ತಂದುಕೊಟ್ಟ. ಹೆಸರು ನೈಟ್ರೋಫ್ಯುರಾಂಟಾಯಿನ್, ಐದು ದಿನ. ಮತ್ತೆ ಕಡಿಮೆಯಾಯಿತು. ಮತ್ತೆ ಬಂತು. ಈ ಸಲ ಚಳಿ ಜ್ವರದೊಂದಿಗೆ.

ಅಕ್ಕನಿಗೆ ಕೊಟ್ಟದ್ದು ಸರಿಯಾದ ಔಷಧವೇ. ತಮ್ಮನ ಗೆಳೆಯನಿಗೆ ಅದು ಯಾಕೆ ಸಾಲಲಿಲ್ಲ? ಈ ಮಾತ್ರೆ ರಕ್ತದಲ್ಲಿ ಹೆಚ್ಚು ನಿಲ್ಲದೆ ಮೂತ್ರಪಿಂಡದ ಮೂಲಕ ಸೀದಾ ಮೂತ್ರಕ್ಕೆ ಸೇರುತ್ತದೆ. ಮೂತ್ರಚೀಲದ ಒಳಗೆ ಮೂತ್ರದಲ್ಲಿ ತೇಲುತ್ತಿರುವ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ಕೊಲ್ಲುತ್ತದೆ. ಆದರೆ ಅಂಗಗಳ ಮಾಂಸದೊಳಗೆ ಅದು ಇಳಿಯುವುದಿಲ್ಲ. ಹೆಂಗಸರಲ್ಲಿ ಸೋಂಕು ಸಾಮಾನ್ಯವಾಗಿ ಮೂತ್ರಚೀಲದಲ್ಲೇ ಇರುವುದರಿಂದ ಅಷ್ಟು ಸಾಕು. ಗಂಡಸರಲ್ಲಿ ಮೂತ್ರನಾಳ ಪ್ರಾಸ್ಟೇಟಿನ ನಡುವೆಯೇ ಹಾದುಹೋಗುತ್ತದೆ. ಗ್ರಂಥಿಯ ಹತ್ತಾರು ಸಣ್ಣ ನಾಳಗಳ ಬಾಯಿ ಅಲ್ಲೇ ತೆರೆದುಕೊಂಡಿದೆ. ಮೇಲೆ ಹತ್ತಿದ ಬ್ಯಾಕ್ಟೀರಿಯಾ ಆ ಬಾಯಿಗಳಿಗೆ ನುಗ್ಗಿ ಒಳಗೆ ಮನೆ ಮಾಡಿದರೆ, ಮೂತ್ರ ತಿಳಿಯಾದರೂ ಮನೆ ಹಾಗೇ ಇರುತ್ತದೆ. ಮಾತ್ರೆ ನಿಲ್ಲಿಸಿದ ಮೇಲೆ ಅಲ್ಲಿಂದ ಮತ್ತೆ ಇಳಿದು ಬರುತ್ತವೆ. ಈ ಹುಡುಗನಿಗೆ ಆಗಿದ್ದು ಇದೇ ಇರಬೇಕೆಂದು ನನಗನ್ನಿಸಿತು.

ಹಾಗೆಂದು ಉರಿಮೂತ್ರ ಬಂದ ಪ್ರತಿ ಗಂಡಸಿಗೂ ಪ್ರಾಸ್ಟೇಟ್ ಸೋಂಕು ಎನ್ನುವಂತಿಲ್ಲ. ಜ್ವರವಿಲ್ಲದೆ, ಬರೀ ಉರಿ ಮತ್ತು ಪದೇಪದೇ ಹೋಗಬೇಕೆನಿಸುವುದು ಇಷ್ಟೇ ಇದ್ದರೆ ಸೋಂಕು ಮೂತ್ರಚೀಲದಲ್ಲಷ್ಟೇ ಇರಬಹುದು. ಹಾಗಿದ್ದರೆ ಒಂದು ವಾರದ ಔಷಧ ಸಾಕಾಗುತ್ತದೆ. ಪ್ರಾಸ್ಟೇಟಿನ ಮೇಲೆ ಕಣ್ಣು ಹೋಗುವುದು ಜ್ವರ ಸೇರಿದಾಗ. ಮೂತ್ರದ ಸೋಂಕಿನೊಂದಿಗೆ ಜ್ವರವಿರುವ ಗಂಡಸರಲ್ಲಿ ಬಹುಪಾಲು ಮಂದಿಗೆ ಪ್ರಾಸ್ಟೇಟ್ ಒಂದಿಷ್ಟಾದರೂ ಊದಿಕೊಂಡಿರುತ್ತದೆ. ಎರಡನೆಯ ಗುರುತು ನೋವಿನ ಜಾಗ. ವೃಷಣಕ್ಕೂ ಗುದದ್ವಾರಕ್ಕೂ ನಡುವೆ, ಸೈಕಲ್ ಸೀಟು ಒತ್ತುವ ಕಡೆ ನೋವು. ಕೂತರೆ ಕಲ್ಲಿನ ಮೇಲೆ ಕೂತಂತೆ. ಹುಡುಗ ವಾಲಿಕೊಂಡು ಕೂತದ್ದು ಇದಕ್ಕೇ. ಕೆಲವರಿಗೆ ಸೊಂಟದ ಕೆಳಭಾಗದಲ್ಲಿ, ಕಿಬ್ಬೊಟ್ಟೆಯಲ್ಲಿ, ಶಿಶ್ನದ ತುದಿಯಲ್ಲಿ ನೋವಿರುತ್ತದೆ. ವೀರ್ಯ ಹೊರಬರುವಾಗ ನೋಯುತ್ತದೆ. ಮೂರನೆಯದು, ಧಾರೆ ಸಣ್ಣಗಾಗುವುದು. ಊದಿದ ಗ್ರಂಥಿ ನಡುವಿನ ದಾರಿಯನ್ನು ಹಿಸುಕುತ್ತದೆ. ಇಪ್ಪತ್ತರ ಹುಡುಗ ಅಜ್ಜನ ಹಾಗೆ ಮುಕ್ಕುತ್ತಾ ನಿಲ್ಲುತ್ತಾನೆಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ನಾಲ್ಕನೆಯದು, ವಾಸಿಯಾಗಿ ವಾಸಿಯಾಗಿ ಮರಳುವುದು, ಅದರಲ್ಲೂ ಅದೇ ಬ್ಯಾಕ್ಟೀರಿಯಾ ಮರಳುವುದು.

ಪಕ್ಕೆಯ ಹಿಂಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ನೋವಿದ್ದರೆ ಮೂತ್ರಪಿಂಡದ ಕಡೆ ಯೋಚಿಸಬೇಕು. ಒಂದು ವೃಷಣ ಊದಿ ನೋಯುತ್ತಿದ್ದರೆ ಸೋಂಕು ಅಲ್ಲಿಗೆ ಇಳಿದಿರಬಹುದು. ಇಲ್ಲೊಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಹುಡುಗರಿಗೆ ಇದ್ದಕ್ಕಿದ್ದಂತೆ ಒಂದು ವೃಷಣದಲ್ಲಿ ತಡೆಯಲಾರದ ನೋವು ಬಂದು ವಾಂತಿಯಾದರೆ ಅದು ಸೋಂಕಲ್ಲದೆ ವೃಷಣ ತಿರುಚಿಕೊಂಡದ್ದಿರಬಹುದು. ರಕ್ತ ಹರಿಯುವುದು ನಿಂತಿರುತ್ತದೆ, ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆಗಬೇಕು. ಬೆಳಗಾಗಲಿ ಎಂದು ಕಾಯುವ ನೋವಲ್ಲ ಅದು.

ಹುಡುಗನನ್ನು ಮಂಚದ ಮೇಲೆ ಮಲಗಿಸಿ, ಏನು ಮಾಡುತ್ತೇನೆಂದು ಮೊದಲೇ ಹೇಳಿ, ಕೈಗವಸು ಹಾಕಿಕೊಂಡು ಬೆರಳಿನಿಂದ ಪರೀಕ್ಷಿಸಿದೆ. ಸಾಮಾನ್ಯ ಪ್ರಾಸ್ಟೇಟ್ ಮೂಗಿನ ತುದಿಯಷ್ಟು ಗಟ್ಟಿ, ಮುಟ್ಟಿದರೆ ಮುಜುಗರವಾಗುತ್ತದೆಯೇ ಹೊರತು ನೋಯುವುದಿಲ್ಲ. ಇವನದು ಊದಿ, ಬಿಸಿಯಾಗಿ, ಮೆತ್ತಗೆ ತಾಗಿದರೂ ಮಂಚದಿಂದ ಏಳುವಂತೆ ನೋಯುತ್ತಿತ್ತು. ಹೀಗಿರುವಾಗ ಅದನ್ನು ಒತ್ತಿ ನೀವಬಾರದು. ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುವ ಅಪಾಯವಿದೆ. ಒಂದು ಸಲ ಮೆಲ್ಲಗೆ ತಾಗಿ ನೋಡಿದರೆ ಮುಗಿಯಿತು.

ಈಗ ಔಷಧ ಕೊಡುವ ಮೊದಲು ಮಾಡಬೇಕಾದ ಒಂದು ಕೆಲಸವಿತ್ತು. ಇಷ್ಟು ದಿನ ಯಾರೂ ಮಾಡಿಸದೆ ಬಿಟ್ಟಿದ್ದದ್ದು ಅದೇ: ಯೂರಿನ್ ಕಲ್ಚರ್. ಸಾಧಾರಣ ಮೂತ್ರ ಪರೀಕ್ಷೆಯಲ್ಲಿ ಕೀವುಕಣಗಳಿವೆಯೇ ಎಂದು ತಿಳಿಯುತ್ತದೆ, ಅಷ್ಟೇ. ಕಲ್ಚರಿನಲ್ಲಿ ಆ ಮೂತ್ರದಿಂದ ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವುದು, ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ನೋಡುತ್ತಾರೆ. ವರದಿ ಬರಲು ಎರಡು ಮೂರು ದಿನ ಬೇಕು. ಆ್ಯಂಟಿಬಯಾಟಿಕ್ ಒಂದು ಮಾತ್ರೆ ನುಂಗಿದರೂ ಬ್ಯಾಕ್ಟೀರಿಯಾ ಸರಿಯಾಗಿ ಬೆಳೆಯದೆ ವರದಿ ಕೆಡಬಹುದು, ಆದ್ದರಿಂದ ಮೂತ್ರ ಕೊಟ್ಟ ಮೇಲೆಯೇ ಔಷಧ. ಮೂತ್ರ ಹಿಡಿಯುವ ಕ್ರಮವೂ ಮುಖ್ಯ. ಮೊದಲು ಬರುವ ಸ್ವಲ್ಪವನ್ನು ಬಿಟ್ಟುಬಿಡಬೇಕು. ನಡುವಿನ ಧಾರೆಯನ್ನು ಲ್ಯಾಬಿನವರು ಕೊಟ್ಟ ಶುದ್ಧ ಡಬ್ಬಿಯಲ್ಲಿ, ಅಂಚಿಗೆ ಏನೂ ತಾಗದಂತೆ ಹಿಡಿಯಬೇಕು. ಒಂದೆರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು, ಇಲ್ಲವಾದರೆ ಫ್ರಿಜ್ಜಿನಲ್ಲಿಡಬೇಕು. ಇ. ಕೋಲೈ ಅನುಕೂಲವಾದ ಬಿಸಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಬೆಳಿಗ್ಗೆ ಮನೆಯಲ್ಲಿ ಹಿಡಿದು, ಖಾಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ, ಬಸ್ಸಿನಲ್ಲಿ ಮೂರು ಗಂಟೆ ತಂದದ್ದು ಯಾವ ಪರೀಕ್ಷೆಗೂ ಬಾರದು. ಹಾಗೆ ತರುವವರು ಇಂದಿಗೂ ಇದ್ದಾರೆ.

ಜ್ವರ, ಚಳಿ ನೋಡಿ ರಕ್ತವನ್ನೂ ಕಲ್ಚರಿಗೆ ಕಳಿಸಿ, ಹುಡುಗನನ್ನು ಆಸ್ಪತ್ರೆಗೆ ಸೇರಿಸಿದೆವು. ಸ್ಕ್ಯಾನಿಂಗಿನಲ್ಲಿ ಮೂತ್ರಪಿಂಡಗಳು ಚೆನ್ನಾಗಿದ್ದವು, ಕಲ್ಲಿರಲಿಲ್ಲ. ಆದರೆ ಮೂತ್ರ ಮಾಡಿ ಬಂದ ಮೇಲೂ ಚೀಲದಲ್ಲಿ 120 ಮಿಲಿಲೀಟರ್ ಉಳಿದಿತ್ತು. ಈ ವಯಸ್ಸಿಗೆ ಅದು ಹೆಚ್ಚೇ. ಪೂರ್ತಿ ಕಟ್ಟಿಕೊಂಡಿದ್ದರೆ ಬೇರೆ ದಾರಿ ನೋಡಬೇಕಾಗುತ್ತಿತ್ತು. ಇಲ್ಲಿ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್, ಜೊತೆಗೆ ಮೂತ್ರದ ದಾರಿಯನ್ನು ಸಡಿಲಿಸುವ ಮಾತ್ರೆ ಸಾಕಾಯಿತು.

ಹೊರಗೆ ಕಾದಿದ್ದ ತಂದೆಗೆ ವಿಷಯ ತಿಳಿಸಿದೆ. ಏನು ಹೇಳಬಹುದು, ಏನು ಬೇಡ ಎಂದು ಹುಡುಗನನ್ನು ಮೊದಲೇ ಕೇಳಿಕೊಂಡಿದ್ದೆ. ‘ಆಪರೇಷನ್ನಿನಲ್ಲಿ ಹಾಕಿದ ಪೈಪಿನಿಂದ ಅವನ ಕರುಳಿನ ಬ್ಯಾಕ್ಟೀರಿಯಾವೇ ಮೇಲೆ ಹೋಗಿದೆ. ಪ್ರಾಸ್ಟೇಟಿಗೆ ಸೋಂಕಾಗಿದೆ’ ಎಂದೆ. ಅವರು ಬೆಚ್ಚಿಬಿದ್ದರು. ‘ಪ್ರಾಸ್ಟೇಟ್ ಅಂದ್ರೆ ಕ್ಯಾನ್ಸರಾ ಡಾಕ್ಟ್ರೇ? ನಮ್ಮ ದೊಡ್ಡಪ್ಪನಿಗೆ ಅದೇ ಆಗಿತ್ತು. ಪಿಎಸ್‌ಎ ಅಂತ ರಕ್ತ ಪರೀಕ್ಷೆ ಮಾಡಿಸ್ತಿದ್ರು. ಇವನಿಗೂ ಮಾಡ್ಸಿ.’ ಸೋಂಕೇ ಬೇರೆ, ಕ್ಯಾನ್ಸರೇ ಬೇರೆ ಎಂದು ಸಮಾಧಾನ ಹೇಳಬೇಕಾಯಿತು. ಆ ಪರೀಕ್ಷೆ ಈಗ ಮಾಡಿಸಿದರೆ ಕೆಲಸಕ್ಕೆ ಬಾರದ ಭಯವಷ್ಟೇ ಸಿಗುತ್ತಿತ್ತು. ಪ್ರಾಸ್ಟೇಟ್ ಊದಿರುವಾಗ ಪಿಎಸ್‌ಎ ಸೋಂಕಿನಿಂದಲೇ ಏರಿರುತ್ತದೆ. ಇಳಿಯಲು ವಾರಗಳು ಬೇಕು. ದೊಡ್ಡವರಿಗಾದರೂ ಸೋಂಕು ವಾಸಿಯಾಗಿ ಎರಡು ತಿಂಗಳು ಕಳೆದ ಮೇಲೆ ಮಾಡಿಸುವುದು ಒಳ್ಳೆಯದು. ಇಪ್ಪತ್ತರ ಹುಡುಗನಿಗೆ ಅದು ಬೇಕೇ ಇಲ್ಲ.

ಎರಡನೆಯ ದಿನ ಸಂಜೆಗೆ ಜ್ವರ ಇಳಿಯಿತು. ಮೂರು ದಿನವಾದರೂ ಇಳಿಯದಿದ್ದರೆ ಪ್ರಾಸ್ಟೇಟಿನಲ್ಲಿ ಕೀವು ಕಟ್ಟಿಕೊಂಡಿರಬಹುದೆಂದು ಮತ್ತೆ ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಮೂರನೆಯ ದಿನ ವರದಿ ಬಂತು. ಇ. ಕೋಲೈ. ಮೆಡಿಕಲ್ ಶಾಪಿನವರು ಮೊದಲು ಕೊಟ್ಟಿದ್ದ ಸಿಪ್ರೋಫ್ಲಾಕ್ಸಸಿನ್‌ಗೆ ಅದು ಜಗ್ಗುತ್ತಿರಲಿಲ್ಲ. ನಮ್ಮ ದೇಶದಲ್ಲಿ ಆ ಔಷಧವನ್ನು ಬೇಕಾದ್ದಕ್ಕೂ ಬೇಡದ್ದಕ್ಕೂ ತಿಂದು ತಿಂದು ಇಂಥ ವರದಿ ಈಗ ದಿನದ ಮಾತಾಗಿದೆ. ಮೊದಲ ಸಲ ಉರಿ ಕಡಿಮೆಯಾದದ್ದು ಎಷ್ಟರಮಟ್ಟಿಗೆ ಮಾತ್ರೆಯಿಂದ, ಎಷ್ಟರಮಟ್ಟಿಗೆ ಅಪ್ಪನ ಎಳನೀರಿನಿಂದ ಮೂತ್ರ ತೆಳುವಾದದ್ದರಿಂದ, ಹೇಳಲಾರೆ. ಎಳನೀರು, ಬಾರ್ಲಿ ನೀರು ಉರಿಯನ್ನು ತಣಿಸುತ್ತವೆ, ಅದು ಸುಳ್ಳಲ್ಲ. ತೊಂದರೆ ಇರುವುದು ಅಲ್ಲೇ. ಉರಿ ತಣಿದರೆ ರೋಗ ತಣಿಯಿತು ಎಂದುಕೊಳ್ಳುತ್ತೇವೆ.

ಕೋಟ್ರೈಮಾಕ್ಸಜೋಲ್ ಎಂಬ ಹಳೆಯ, ಅಗ್ಗದ ಮಾತ್ರೆಗೆ ಈ ಬ್ಯಾಕ್ಟೀರಿಯಾ ಸಾಯುತ್ತಿತ್ತು. ಅದೃಷ್ಟಕ್ಕೆ ಅದು ಪ್ರಾಸ್ಟೇಟಿನೊಳಗೂ ಹೋಗಬಲ್ಲದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಕ್ತಕ್ಕೂ ಪ್ರಾಸ್ಟೇಟಿನ ಸ್ರಾವಕ್ಕೂ ನಡುವೆ ಒಂದು ಪೊರೆಯ ತಡೆಯಿದೆ. ಕೊಬ್ಬಿನಲ್ಲಿ ಕರಗುವ ಔಷಧಗಳು ಮಾತ್ರ ಅದನ್ನು ದಾಟುತ್ತವೆ. ಗ್ರಂಥಿ ಕೆರಳಿ ಊದಿರುವಾಗ ಆ ತಡೆ ಸಡಿಲವಾಗಿ, ಹೆಚ್ಚಿನ ಔಷಧಗಳು ಒಳಗೆ ಹೋಗುತ್ತವೆ. ಅದಕ್ಕೇ ಮೊದಲ ದಿನಗಳ ಇಂಜೆಕ್ಷನ್ ಅಷ್ಟು ಬೇಗ ಕೆಲಸ ಮಾಡಿತು. ಊತ ಇಳಿದ ಮೇಲೆ ತಡೆ ಮತ್ತೆ ಬಿಗಿಯಾಗುತ್ತದೆ. ಆಗ ಒಳಗೆ ಅಡಗಿ ಉಳಿದಿರುವ ಬ್ಯಾಕ್ಟೀರಿಯಾಗಳನ್ನು ಮುಟ್ಟಬೇಕಾದರೆ ಸರಿಯಾದ ಮಾತ್ರೆಯೂ ಬೇಕು, ದಿನಗಳೂ ಬೇಕು. ಎರಡರಿಂದ ನಾಲ್ಕು ವಾರ ಕೊಡುವುದು ವಾಡಿಕೆ. ಇವನಿಗೆ ಒಟ್ಟು ನಾಲ್ಕು ವಾರ ಕೊಟ್ಟೆವು. ಅದು ಸಲ್ಫಾ ಜಾತಿಯ ಔಷಧ, ಮೈಮೇಲೆ ಗಂಧೆ ಎದ್ದರೆ ಕೂಡಲೇ ನಿಲ್ಲಿಸಿ ಬರಬೇಕೆಂದು ಹೇಳಿ ಕಳಿಸಿದೆ. ಐದನೆಯ ದಿನಕ್ಕೆ ಉರಿ, ನೋವು ಏನೂ ಇರುವುದಿಲ್ಲ, ಆಗ ಉಳಿದ ಮಾತ್ರೆ ಪೆಟ್ಟಿಗೆಗೆ ಸೇರುವ ಸಂಭವವೇ ಹೆಚ್ಚು ಎಂದು ತಂದೆಗೂ ಹೇಳಿದೆ.

ಇಷ್ಟು ಮಾಡಿಯೂ ಕೆಲವರಲ್ಲಿ ಸೋಂಕು ಪ್ರಾಸ್ಟೇಟಿನಲ್ಲಿ ಬೇರೂರುತ್ತದೆ. ಜ್ವರವಿರುವುದಿಲ್ಲ, ಕೆಲವು ವಾರ ಅಥವಾ ತಿಂಗಳಿಗೊಮ್ಮೆ ಉರಿಮೂತ್ರ, ಪ್ರತಿ ಸಲವೂ ಕಲ್ಚರಿನಲ್ಲಿ ಅದೇ ಬ್ಯಾಕ್ಟೀರಿಯಾ. ಅವರಲ್ಲಿ, ಕೆರಳಿಲ್ಲದ ಸಮಯ ನೋಡಿ, ಪ್ರಾಸ್ಟೇಟನ್ನು ನೀವುವ ಮೊದಲು ಒಂದು ಮೂತ್ರ, ನೀವಿದ ಮೇಲೆ ಒಂದು ಮೂತ್ರ ಹಿಡಿದು ಎರಡನ್ನೂ ಕಲ್ಚರ್ ಮಾಡುತ್ತಾರೆ. ಎರಡನೆಯದರಲ್ಲಿ ಮಾತ್ರ, ಅಥವಾ ಅದರಲ್ಲಿ ಬಹಳ ಹೆಚ್ಚಾಗಿ ಬ್ಯಾಕ್ಟೀರಿಯಾ ಬೆಳೆದರೆ ಅದು ಗ್ರಂಥಿಯಿಂದಲೇ ಬಂದದ್ದು. 1968ರಲ್ಲಿ ಅಮೆರಿಕದ ಮಿಯರ್ಸ್ ಮತ್ತು ಸ್ಟೇಮಿ ಎಂಬ ವೈದ್ಯರು ನಾಲ್ಕು ಬಾಟಲಿಗಳಲ್ಲಿ ಮಾಡಿ ತೋರಿಸಿದ ಪರೀಕ್ಷೆಯ ಸುಲಭ ರೂಪ ಇದು.

ಇದಕ್ಕೆ ಪೂರ್ತಿ ತಿರುವುಮುರುವಾದ ಇನ್ನೊಂದು ಗುಂಪಿದೆ. ಅವರ ಸಂಖ್ಯೆಯೇ ದೊಡ್ಡದು. ತಿಂಗಳುಗಟ್ಟಲೆ ಆ ಭಾಗದಲ್ಲಿ ನೋವು, ಉರಿ ಎನ್ನುತ್ತಾರೆ. ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ. ಪ್ರಾಸ್ಟೇಟ್ ತೊಂದರೆ ಎಂದು ಹೆಸರಿಡಿಸಿಕೊಂಡ ಗಂಡಸರಲ್ಲಿ ಬ್ಯಾಕ್ಟೀರಿಯಾ ಇರುವುದು 100ರಲ್ಲಿ ಹೆಚ್ಚೆಂದರೆ ಹತ್ತು ಮಂದಿಯಲ್ಲಿ. ಉಳಿದವರಿಗೆ ಬೇರೆ ಬೇರೆ ಆ್ಯಂಟಿಬಯಾಟಿಕ್ ಬದಲಾಯಿಸಿ ಕೊಡುತ್ತಾ ಹೋಗುವುದರಿಂದ ಪ್ರಯೋಜನವಿಲ್ಲ, ಅವರ ಚಿಕಿತ್ಸೆಯ ದಾರಿಯೇ ಬೇರೆ. ಇಂಥ ಹುಡುಗರೇ ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಗುಪ್ತರೋಗ, ಧಾತುನಷ್ಟ’ ಜಾಹೀರಾತುಗಳಿಗೆ ದುಡ್ಡು ಸುರಿಯುವುದು. ಮೂತ್ರ ಬೆಳ್ಳಗೆ ಹೋಯಿತೆಂದು ಹೆದರಿ ಬಂದವರ ಬಾಟಲಿಗೆ ಕೆಲವು ಹನಿ ವಿನಿಗರ್ ಬಿಟ್ಟು ತೋರಿಸುತ್ತೇನೆ. ಬಹಳ ಸಲ ಬಿಳುಪು ಕರಗಿ ಮೂತ್ರ ತಿಳಿಯಾಗುತ್ತದೆ. ಅದು ಧಾತುವಲ್ಲ, ಫಾಸ್ಫೇಟ್ ಎಂಬ ಲವಣ.

ನಮ್ಮ ಹುಡುಗ ನಾಲ್ಕು ವಾರ ಮುಗಿಸಿ, ಮಾತ್ರೆ ನಿಲ್ಲಿಸಿದ ಹತ್ತು ದಿನಕ್ಕೆ ಮತ್ತೆ ಕಲ್ಚರ್ ಮಾಡಿಸಿಕೊಂಡು ಬಂದ. ಏನೂ ಬೆಳೆದಿರಲಿಲ್ಲ. ಸ್ಕ್ಯಾನಿಂಗಿನಲ್ಲಿ ಉಳಿಯುವ ಮೂತ್ರ 15 ಮಿಲಿಲೀಟರಿಗೆ ಇಳಿದಿತ್ತು. ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡಿದೆವು, ಆಗಲೂ ಶುದ್ಧ. ಆ ಸಲ ಅಪ್ಪ ಮಗ ಇಬ್ಬರೂ ಒಟ್ಟಿಗೇ ಒಳಗೆ ಬಂದು ಕೂತರು. ಹೊರಡುವಾಗ ತಂದೆ ಬಾಗಿಲಲ್ಲಿ ನಿಂತು, ತಮಗೆ 56 ವರ್ಷವಾಯಿತೆಂದೂ, ಈಚೆಗೆ ರಾತ್ರಿ ಮೂರು ಮೂರು ಸಲ ಏಳಬೇಕಾಗುತ್ತಿದೆಯೆಂದೂ, ಧಾರೆಯೂ ಮೊದಲಿನಂತಿಲ್ಲವೆಂದೂ ಮೆಲ್ಲಗೆ ಹೇಳಿದರು. ಅವರನ್ನು ಮತ್ತೆ ಒಳಗೆ ಕೂರಿಸಿದೆ. ಈ ಸಲ ಹೊರಗೆ ಕಾದವನು ಮಗ.